ಕೊನೆಯ ದಿನಕ್ಕೆ ಮುನ್ನ ಕೈ ಬದಲಿಸಬೇಕಾದ ಖಾತೆಗಳು

ಹೊಸೂರಿನ ಸಿಪ್‌ಕಾಟ್ ಎಸ್ಟೇಟಿನಲ್ಲಿ ಕೆಲಸ ಬಿಡುವವರು ಕೊನೆಯ ದಿನ ಒಂದು ಚೀಟಿ ಹಿಡಿದು ಓಡಾಡುತ್ತಾರೆ. ಅದಕ್ಕೆ ನೋ ಡ್ಯೂಸ್ ಎಂದು ಹೆಸರು. ಸ್ಟೋರಿನವರು ವರ್ನಿಯರ್, ಮೈಕ್ರೋಮೀಟರ್‌ಗಳ ನಂಬರು ನೋಡಿ ವಾಪಸ್ ಪಡೆದು ಸಹಿ ಹಾಕುತ್ತಾರೆ. ಕ್ಯಾಂಟೀನಿನವರು ಬಾಕಿ ನೋಡುತ್ತಾರೆ, ಸೆಕ್ಯುರಿಟಿಯವರು ಗುರುತಿನ ಚೀಟಿ ತೆಗೆದುಕೊಳ್ಳುತ್ತಾರೆ, ಅಕೌಂಟ್ಸಿನವರು ಮುಂಗಡ ಉಳಿದಿದೆಯೇ ಎಂದು ಲೆಕ್ಕ ಹಾಕುತ್ತಾರೆ. ಒಂದೂವರೆ ಸಾವಿರದ ವರ್ನಿಯರ್‌ಗೆ ಚೀಟಿಯಲ್ಲಿ ಒಂದು ಸಾಲು ಇದೆ. ಆದರೆ ಅದೇ ಉದ್ಯೋಗಿ ತನ್ನ ಜಿಮೇಲ್‌ನಲ್ಲಿ ತೆರೆದು, ತನ್ನ ಫೋನಿಗೆ ಓಟಿಪಿ ಬರುವಂತೆ ಮಾಡಿ, ತನ್ನ ಕಾರ್ಡಿನಲ್ಲಿ ಹಣ ಕಟ್ಟಿ, ಕಂಪನಿಯಿಂದ ವಾಪಸ್ ಪಡೆಯುತ್ತಿದ್ದ ವಾರ್ಷಿಕ ಚಂದಾಗಳಿಗೆ ಸಾಲೇ ಇರುವುದಿಲ್ಲ.

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಐಟಿ ವಿಭಾಗವಿದೆ. ಕೊನೆಯ ದಿನ ಸಂಜೆ ಅವರು ಲಾಗಿನ್ ಮುಚ್ಚುತ್ತಾರೆ, ಪರವಾನಗಿಯನ್ನು ಮತ್ತೊಬ್ಬರಿಗೆ ಕೊಡುತ್ತಾರೆ. ತೊಂದರೆ ಇರುವುದು ಆ ಕಾರ್ಖಾನೆಗಳಿಗೆ ಬಿಡಿಭಾಗ, ಡೈ, ಫಿಕ್ಸ್‌ಚರ್ ಮಾಡಿಕೊಡುವ ಸಣ್ಣ ಘಟಕಗಳಲ್ಲಿ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್‌ಗಳ ಸುತ್ತ ಬೆಳೆದ ಈ ಘಟಕಗಳಲ್ಲಿ ಹತ್ತಿಪ್ಪತ್ತು ಜನ ಇರುತ್ತಾರೆ, ಮಾಲೀಕರಿಗೆ ಯಂತ್ರದ ಪ್ರತಿ ಸದ್ದೂ ಗೊತ್ತಿರುತ್ತದೆ. ಕಂಪ್ಯೂಟರಿನ ಕೆಲಸವನ್ನೆಲ್ಲ ಮಾತ್ರ ಒಬ್ಬ ಹುಡುಗನಿಗೋ ಹುಡುಗಿಗೋ ಒಪ್ಪಿಸಿರುತ್ತಾರೆ. ತಳಿಯಿಂದಲೋ ಡೆಂಕಣಿಕೋಟೆಯಿಂದಲೋ ಬಸ್ಸು ಹತ್ತಿ ಬರುವ ಆ ಉದ್ಯೋಗಿ ಮೂರ್ನಾಲ್ಕು ವರ್ಷ ದುಡಿದು ಬೆಂಗಳೂರಿನ ಕಡೆ ಹೊರಡುತ್ತಾರೆ. ಅತ್ತಿಬೆಲೆ ದಾಟಿದರೆ ಸಂಬಳ ಬೇರೆ. ಹೋಗುವುದು ತಪ್ಪಲ್ಲ. ಹೋಗುವ ಮುನ್ನ ಏನನ್ನು ಯಾವ ಕ್ರಮದಲ್ಲಿ ಬಿಟ್ಟುಕೊಡಬೇಕು ಎಂಬುದು ಇಬ್ಬರಿಗೂ ಗೊತ್ತಿಲ್ಲದಿರುವುದೇ ತೊಡಕು.

ಬಹಳ ಜನ ಇದನ್ನು ಪಾಸ್‌ವರ್ಡ್ ಬರೆದುಕೊಡುವ ಕೆಲಸ ಎಂದುಕೊಂಡಿದ್ದಾರೆ. ಒಂದು ಹಾಳೆಯಲ್ಲಿ ಹತ್ತು ಪಾಸ್‌ವರ್ಡ್ ಬರೆದು ಮೇಜಿನ ಮೇಲಿಟ್ಟರೆ ಎರಡು ದಿನ ಎಲ್ಲ ನಡೆಯುತ್ತದೆ. ಮೂರನೆಯ ದಿನ ಯಾವುದೋ ತಾಣ ‘ಹೊಸ ಕಂಪ್ಯೂಟರ್ ಕಾಣುತ್ತಿದೆ’ ಎಂದು ಓಟಿಪಿ ಕೇಳುತ್ತದೆ, ಅದು ಹೋದವರ ಫೋನಿಗೆ ಹೋಗುತ್ತದೆ. ಯಾವ ಖಾತೆಯಾದರೂ ಒಬ್ಬರ ಕೈಯಲ್ಲಿರುವುದು ಮೂರು ಕಡೆಯಿಂದ: ಒಡೆಯನೆಂದು ದಾಖಲಾದ ಮಿಂಚಂಚೆ ವಿಳಾಸ, ಓಟಿಪಿ ಬರುವ ಫೋನು, ಹಣ ಕಡಿತವಾಗುವ ಕಾರ್ಡು. ಈ ಮೂರೂ ಬದಲಾಗದೆ ಖಾತೆ ಕೈ ಬದಲಾಗುವುದಿಲ್ಲ. ಬದಲಿಸುವ ಕ್ರಮವೂ ಇದೇ. ಮೊದಲು ಒಡೆತನ, ಆಮೇಲೆ ಫೋನು, ಕಡೆಗೆ ಕಾರ್ಡು. ಚಂದಾ ರದ್ದು ಮಾಡುವುದಿದ್ದರೆ ಈ ಮೂರೂ ಆದ ಮೇಲೆ.

ಪಟ್ಟಿ ಎಲ್ಲಿಂದ ಬರುತ್ತದೆ

ಒಂದು ಘಟಕವನ್ನು ಊಹಿಸಿಕೊಳ್ಳೋಣ. ಪ್ರೆಸ್ ಟೂಲ್ ಮತ್ತು ಫಿಕ್ಸ್‌ಚರ್ ಮಾಡುವ ಟೂಲ್‌ರೂಮ್; ಎರಡು ವಿಎಂಸಿ ಯಂತ್ರಗಳು, ಒಬ್ಬ ಡಿಸೈನರ್. ಡ್ರಾಯಿಂಗ್ ಮಾಡುವುದು, ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು, ಕಂಪನಿಯ ಮೇಲ್ ನೋಡುವುದು, ಮಾಲು ಹೊರಡುವಾಗ ಇ-ವೇ ಬಿಲ್ ತೆಗೆಯುವುದು, ಕ್ಯಾಟಲಾಗ್ ಚಂದ ಮಾಡುವುದು ಎಲ್ಲವೂ ಅವರದೇ. ಮೂವತ್ತು ದಿನದ ನೋಟಿಸ್ ಕೊಟ್ಟಿದ್ದಾರೆ.

ಏನೇನಿದೆ ಎಂದು ಕೇಳಿದರೆ ನೆನಪಿನಿಂದ ನಾಲ್ಕೈದು ಹೆಸರು ಬರುತ್ತವೆ. ದಿನಾ ತೆರೆಯುವವು ಮಾತ್ರ ನೆನಪಿನಲ್ಲಿರುತ್ತವೆ, ವರ್ಷಕ್ಕೊಮ್ಮೆ ಹಣ ಕೇಳುವವು ಇರುವುದಿಲ್ಲ. ಹಾಗಾಗಿ ನೆನಪನ್ನು ಬಿಟ್ಟು ದಾಖಲೆ ಹಿಡಿಯಬೇಕು. ಮೊದಲನೆಯದು ಬ್ಯಾಂಕ್ ಮತ್ತು ಕಾರ್ಡಿನ ಲೆಕ್ಕಪತ್ರ. ಮೂರು ತಿಂಗಳದ್ದು ನೋಡಿದರೆ ಸಾಲದು. ವಾರ್ಷಿಕ ಚಂದಾ ಒಂದೇ ಸಲ ಕಾಣಿಸುವುದರಿಂದ ಹದಿಮೂರು ತಿಂಗಳು ಹಿಂದಕ್ಕೆ ಹೋಗಬೇಕು. ಎರಡನೆಯದು ಮೇಲ್ ಪೆಟ್ಟಿಗೆ. invoice, receipt, renewal ಎಂದು ಹುಡುಕಿದರೆ ಮರೆತವು ಮೇಲೆ ಬರುತ್ತವೆ. ‘ಗೂಗಲ್ ಮೂಲಕ ಒಳಗೆ ಹೋಗಿ’ ಎಂಬ ಗುಂಡಿ ಒತ್ತಿ ತೆರೆದ ಖಾತೆಗಳಿಗೆ ಪಾಸ್‌ವರ್ಡೇ ಇರುವುದಿಲ್ಲ. ಅವುಗಳ ಪಟ್ಟಿ myaccount.google.com/connections ಎಂಬಲ್ಲಿ ಸಿಗುತ್ತದೆ. ಅಂಥ ಖಾತೆಯನ್ನು ಪಾಸ್‌ವರ್ಡ್ ಹಾಳೆಯಲ್ಲಿ ಬರೆಯುವುದಕ್ಕೇ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ಫೋನಿನಲ್ಲಿ ಆರಂಕಿ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ತೆರೆದು ನೋಡುವುದು ಇನ್ನೂ ಒಳ್ಳೆಯದು. ಅಲ್ಲಿನ ಒಂದೊಂದು ಸಾಲೂ ಈ ಫೋನಿಲ್ಲದೆ ತೆರೆಯದ ಒಂದು ಖಾತೆ. ಕೆಲಸ ಬಿಟ್ಟ ಖುಷಿಯಲ್ಲಿ ಹೊಸ ಫೋನು ಕೊಂಡು ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕುವವರು ಈ ಆ್ಯಪನ್ನು ಮರೆಯುತ್ತಾರೆ.

ಸಿಕ್ಕ ಪ್ರತಿಯೊಂದಕ್ಕೂ ಒಂದು ಸಾಲು. ಯಾವ ತಾಣ, ಯಾವ ಮೇಲ್ ವಿಳಾಸ, ಯಾರ ಫೋನು, ಯಾರ ಕಾರ್ಡು, ನವೀಕರಣದ ದಿನಾಂಕ, ಮುಂದೆ ಏನು ಮಾಡುವುದು. ಹೊಸೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಹೋಗುವವರು ಕನ್ನಡ ಬರೆಯುವವರು, ಬರುವವರು ತಮಿಳು ಓದುವವರು, ಮಾಲೀಕರು ಮನೆಯಲ್ಲಿ ತೆಲುಗು ಮಾತಾಡುವವರು ಆಗಿರಬಹುದು. ಮಾತಿನಲ್ಲಿ ಮೂವರೂ ಮೂರು ಭಾಷೆಯಲ್ಲಿ ಸಲೀಸಾಗಿ ವ್ಯವಹರಿಸುತ್ತಾರೆ, ಬರಹಕ್ಕೆ ಬಂದಾಗ ಮಾತ್ರ ಎಡವುತ್ತಾರೆ. ಆದ್ದರಿಂದ ಹಾಳೆಯಲ್ಲಿ ಪರದೆಯ ಮೇಲೆ ಕಾಣುವ ಹೆಸರುಗಳನ್ನು ಕಂಡಂತೆಯೇ ಬರೆದು, ವಿವರಣೆಯನ್ನು ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳುವುದು ಕೆಲಸಕ್ಕೆ ಬರುತ್ತದೆ.

ಮೊದಲು ಡೊಮೇನ್

ಪಟ್ಟಿ ಎಷ್ಟೇ ಉದ್ದವಿರಲಿ, ಮೊದಲು ಮುಟ್ಟಬೇಕಾದದ್ದು ಕಂಪನಿಯ ಡೊಮೇನ್ ಹೆಸರು, ಅಂದರೆ ಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಭಾಗ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು ಅದು, ಅದಕ್ಕೇ ಅದರ ಮೇಲೆ ಯಾರಿಗೂ ಗಮನವಿಲ್ಲ. ನಮ್ಮ ಡಿಸೈನರ್ ಅದನ್ನು ತಮ್ಮ ಸ್ವಂತ ಜಿಮೇಲ್‌ನಲ್ಲಿ ಕೊಂಡಿದ್ದರು, ಏಕೆಂದರೆ ಆಗ ಕಂಪನಿಗೆ ಬೇರೆ ಮೇಲೇ ಇರಲಿಲ್ಲ. ಆಮೇಲೆ ಅದೇ ಡೊಮೇನಿನ ಮೇಲೆ ಗೂಗಲ್ ವರ್ಕ್‌ಸ್ಪೇಸ್ ತಂದು ಎಲ್ಲರಿಗೂ ಮೇಲ್ ಮಾಡಿಕೊಟ್ಟರು. ಆ ವ್ಯವಸ್ಥೆಗೆ ಸೂಪರ್ ಅಡ್ಮಿನ್, ಅಂದರೆ ಎಲ್ಲ ಅಧಿಕಾರವಿರುವ ವ್ಯಕ್ತಿ, ಅವರೊಬ್ಬರೇ.

ಅವರು ಇದನ್ನು ಹಾಗೆಯೇ ಬಿಟ್ಟು ಹೋದರೆ ಏನಾಗುತ್ತದೆ ನೋಡಿ. ಅಡ್ಮಿನ್ ಖಾತೆಯನ್ನು ಬೇರೆ ದಾರಿಯಿಂದ ಮರಳಿ ಪಡೆಯಬೇಕೆಂದರೆ ಡೊಮೇನ್ ನಿಮ್ಮದೇ ಎಂದು ಸಾಬೀತು ಮಾಡಿ ಎಂದು ಗೂಗಲ್ ಕೇಳುತ್ತದೆ. ಡೊಮೇನಿನ ಡಿಎನ್‌ಎಸ್ ದಾಖಲೆಯಲ್ಲಿ ಅವರು ಹೇಳಿದ ಒಂದು ಸಾಲನ್ನು ಸೇರಿಸುವುದೇ ಆ ಸಾಬೀತು. ಆ ಸಾಲು ಸೇರಿಸಲು ಡೊಮೇನ್ ಮಾರಿದ ಸಂಸ್ಥೆಯ ತಾಣಕ್ಕೆ ಲಾಗಿನ್ ಆಗಬೇಕು. ಆ ಲಾಗಿನ್ ಇರುವುದು ಹೋದವರ ಜಿಮೇಲ್‌ನಲ್ಲಿ. ಎರಡು ಬೀಗ, ಎರಡರ ಕೀಲಿಯೂ ಒಂದೇ ಜೇಬಿನಲ್ಲಿ.

ಬಿಡಿಸುವ ಕೆಲಸ ಅರ್ಧ ಗಂಟೆಯದು, ಡಿಸೈನರ್ ಇನ್ನೂ ಎದುರಿಗಿರುವಾಗ. ಡೊಮೇನ್ ಮಾರಾಟಗಾರರ ತಾಣದಲ್ಲಿ ಕಂಪನಿಯ ಹೆಸರಿನಲ್ಲಿ ಬೇರೆ ಖಾತೆ ತೆರೆದು ಡೊಮೇನನ್ನು ಅದಕ್ಕೆ ವರ್ಗಾಯಿಸಬೇಕು, ನೋಂದಣಿದಾರರ ಹೆಸರನ್ನೂ ಕಂಪನಿಗೆ ಬದಲಿಸಬೇಕು. ಆ ಹೊಸ ಖಾತೆಯ ಮೇಲ್ ವಿಳಾಸ ಅದೇ ಡೊಮೇನಿನದಾಗಿರಬಾರದು. ಡೊಮೇನ್ ಅವಧಿ ಮುಗಿದು ನಿಂತರೆ ಅದರ ಮೇಲ್ ಕೂಡ ನಿಲ್ಲುತ್ತದೆ, ಆಗ ಎಚ್ಚರಿಕೆಯ ಪತ್ರ ಓದಲೂ ಆಗುವುದಿಲ್ಲ. ಆಮೇಲೆ ವರ್ಕ್‌ಸ್ಪೇಸ್‌ನಲ್ಲಿ ಮಾಲೀಕರನ್ನೂ ಮತ್ತೊಬ್ಬರನ್ನೂ ಸೂಪರ್ ಅಡ್ಮಿನ್ ಮಾಡಿ, ಇಬ್ಬರೂ ತಮ್ಮ ಫೋನಿನಿಂದ ಒಮ್ಮೆ ಒಳಗೆ ಹೋಗಿ ಬಂದ ಮೇಲಷ್ಟೇ ಡಿಸೈನರ್ ಹೆಸರನ್ನು ಆ ಸ್ಥಾನದಿಂದ ಇಳಿಸಬೇಕು. ಒಬ್ಬರೇ ಸೂಪರ್ ಅಡ್ಮಿನ್ ಇರುವ ಕಂಪನಿ ಯಾವತ್ತೂ ಆ ಒಬ್ಬರ ಫೋನು ಕಳೆಯುವುದಕ್ಕೆ ಕಾಯುತ್ತಿರುತ್ತದೆ.

ಹೋದವರ ಮೇಲ್ ಪೆಟ್ಟಿಗೆಯನ್ನು ಕೊನೆಯ ದಿನವೇ ಅಳಿಸಿಬಿಡುವುದು ಇನ್ನೊಂದು ಆತುರ. ಒಂದು ಪರವಾನಗಿಯ ತಿಂಗಳ ಖರ್ಚು ಉಳಿಯಿತು ಎಂಬ ಲೆಕ್ಕ. ಗೂಗಲ್‌ನಲ್ಲಿ ಅಳಿಸಿದ ಬಳಕೆದಾರರನ್ನು ಇಪ್ಪತ್ತು ದಿನದೊಳಗೆ ಮರಳಿ ತರಬಹುದು, ಮೈಕ್ರೋಸಾಫ್ಟ್ 365ರಲ್ಲಿ ಮೂವತ್ತು ದಿನ. ಆಮೇಲೆ ಇಲ್ಲ. ಅಳಿಸುವಾಗ ಡ್ರೈವ್‌ನ ಕಡತಗಳನ್ನು ಯಾರಿಗೆ ಕೊಡಬೇಕೆಂದು ಪರದೆ ಕೇಳುತ್ತದೆ. ಅಲ್ಲಿ ಹೆಸರು ತುಂಬದೆ ಮುಂದೆ ಒತ್ತಿದರೆ ಕಡತಗಳೂ ಹೋಗುತ್ತವೆ. ಕಡತ ವರ್ಗಾಯಿಸಿ, ಹಳೆಯ ಪತ್ರಗಳ ಪ್ರತಿ ತೆಗೆದಿಟ್ಟು, ಆಮೇಲೆ ಖಾತೆ ಅಳಿಸಿ, ಆ ವಿಳಾಸವನ್ನು ಮಾಲೀಕರ ಖಾತೆಗೆ ಎರಡನೆಯ ಹೆಸರಾಗಿ ಸೇರಿಸಿದರೆ ಹೆಚ್ಚಿನ ಪರವಾನಗಿ ಬೇಕಾಗುವುದಿಲ್ಲ, ಆ ವಿಳಾಸಕ್ಕೆ ಬರುವ ಹೊಸ ಪತ್ರಗಳು ಕಾಣುತ್ತಲೇ ಇರುತ್ತವೆ. ಪಟ್ಟಿಯಲ್ಲಿ ಬಿಟ್ಟುಹೋದ ವಾರ್ಷಿಕ ಚಂದಾ ಇದ್ದರೆ ಅದರ ನೆನಪೋಲೆ ಈ ವಿಳಾಸಕ್ಕೇ ಬರುತ್ತದೆ. ಒಂದು ವರ್ಷದ ಮೇಲೆ ಒಂದು ತಿಂಗಳು ಅದನ್ನು ಉಳಿಸಿಕೊಳ್ಳಬೇಕು.

ಡ್ರಾಯಿಂಗ್ ಉಳಿದರೂ ಉಳಿಯದ್ದು

ಡಿಸೈನರ್ ಬಳಸುತ್ತಿದ್ದದ್ದು ಆಟೋಡೆಸ್ಕ್‌ನ ಫ್ಯೂಷನ್. ಒಂದೇ ತಂತ್ರಾಂಶದಲ್ಲಿ ಭಾಗದ ಆಕಾರ ಬರೆದು, ಅಲ್ಲಿಂದಲೇ ವಿಎಂಸಿ ಯಂತ್ರಕ್ಕೆ ಪ್ರೋಗ್ರಾಂ ತೆಗೆಯಬಹುದು ಎಂಬ ಕಾರಣಕ್ಕೆ ಸಣ್ಣ ಟೂಲ್‌ರೂಮ್‌ಗಳು ಇದನ್ನು ಇಷ್ಟಪಡುತ್ತವೆ. ಇದರ ಪರವಾನಗಿ ಹೆಸರಿಗೆ ಬರೆದದ್ದು. ಒಂದು ಮೇಲ್ ವಿಳಾಸಕ್ಕೆ ಒಂದು. ಹಣ ಕಟ್ಟಿದ ಖಾತೆಯ ಅಡ್ಮಿನ್ ಅದನ್ನು ಒಬ್ಬರಿಂದ ತೆಗೆದು ಮತ್ತೊಬ್ಬರಿಗೆ ಹಚ್ಚಬಹುದು. ಹಾಗಾಗಿ ಚಂದಾ ರದ್ದು ಮಾಡಿ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಖಾತೆಯ ಅಡ್ಮಿನ್ ಸ್ಥಾನ ಕಂಪನಿಯ ವಿಳಾಸಕ್ಕೆ ಬಂದರೆ ಉಳಿದ ತಿಂಗಳುಗಳು ಹೊಸಬರಿಗೆ ಸಿಗುತ್ತವೆ.

ಇಲ್ಲಿ ಒಂದು ವಿಷಯ ಕೆದಕಿ ನೋಡಬೇಕು. ಕಾಲೇಜಿನಲ್ಲಿದ್ದಾಗ ಪಡೆದ ವಿದ್ಯಾರ್ಥಿ ಪರವಾನಗಿಯಲ್ಲೋ, ಮನೆಬಳಕೆಗೆಂದು ಪುಕ್ಕಟೆ ಕೊಡುವ ಪರವಾನಗಿಯಲ್ಲೋ ಕಂಪನಿಯ ಕೆಲಸ ನಡೆದಿರುವುದುಂಟು. ಅವೆರಡೂ ವ್ಯಾಪಾರಕ್ಕೆ ಬಳಸತಕ್ಕವಲ್ಲ, ಯಾರಿಗೂ ಒಪ್ಪಿಸಿಕೊಡುವಂಥವೂ ಅಲ್ಲ. ಅಂಥ ಸಂದರ್ಭದಲ್ಲಿ ಕಂಪನಿ ತನ್ನ ಹೆಸರಿನಲ್ಲಿ ಚಂದಾ ತೆಗೆದುಕೊಂಡು ಕಡತಗಳನ್ನು ಮಾತ್ರ ಅದಕ್ಕೆ ಸಾಗಿಸಿಕೊಳ್ಳಬೇಕು. ಇದನ್ನು ಹೇಳಲು ಉದ್ಯೋಗಿಗೆ ಮುಜುಗರವಾಗುತ್ತದೆ. ಹೇಳದೆ ಹೋದರೆ ಮಾತ್ರ ಹೊಸಬರು ಬಂದ ದಿನ ಘಟಕದಲ್ಲಿ ಪರವಾನಗಿಯೇ ಇಲ್ಲವೆಂದು ತಿಳಿಯುತ್ತದೆ.

ಕಡತಗಳು ಇರುವುದು ಹಬ್ ಎಂಬ ಮೋಡದ ಕೋಠಿಯಲ್ಲಿ. ಹಬ್ ತೆರೆದವರು ಡಿಸೈನರ್ ಆದರೆ ಅದರ ಆಡಳಿತವೂ ಅವರದು. ಮಾಲೀಕರನ್ನು ಹಬ್‌ಗೆ ಸೇರಿಸಿ ಅಡ್ಮಿನ್ ಮಾಡಿದರೆ ಡ್ರಾಯಿಂಗ್‌ಗಳು ಉಳಿದವು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಿಜವಾಗಿ ಕಳೆದುಹೋಗುವುದು ಡ್ರಾಯಿಂಗ್ ಅಲ್ಲ. ವಿಎಂಸಿಯ ಕಂಟ್ರೋಲರ್‌ಗೆ ತಕ್ಕಂತೆ ಪ್ರೋಗ್ರಾಂ ಬರೆದುಕೊಡುವ ಪೋಸ್ಟ್ ಪ್ರೊಸೆಸರ್ ಎಂಬ ಸಣ್ಣ ಕಡತವೊಂದಿದೆ, .cps ಎಂದು ಮುಗಿಯುತ್ತದೆ. ತಂತ್ರಾಂಶದ ಜೊತೆ ಬಂದದ್ದನ್ನು ಡಿಸೈನರ್ ವರ್ಷಗಳಿಂದ ತಿದ್ದುತ್ತ ಬಂದಿರುತ್ತಾರೆ. ಟೂಲ್ ಬದಲಿಸುವ ಮುನ್ನ ಸ್ಪಿಂಡಲ್ ಎಷ್ಟು ಮೇಲೆ ಏರಬೇಕು, ಕೂಲೆಂಟ್ ಯಾವಾಗ ನಿಲ್ಲಬೇಕು, ಪ್ರೋಗ್ರಾಂ ನಂಬರು ಹೇಗೆ ಬರಬೇಕು ಎಂಬ ಈ ಯಂತ್ರದ್ದೇ ಆದ ಸಂಗತಿಗಳು ಅದರಲ್ಲಿವೆ. ಕಟ್ಟರ್‌ಗಳ ಅಳತೆ, ಯಾವ ಉಕ್ಕಿಗೆ ಎಷ್ಟು ವೇಗ ಎಂಬ ಟೂಲ್ ಲೈಬ್ರರಿಯೂ ಹಾಗೆಯೇ. ಇವೆರಡನ್ನೂ ತಂತ್ರಾಂಶ ಹಬ್‌ನಲ್ಲಿ ಇಡದೆ ಆ ವ್ಯಕ್ತಿಯ ಖಾತೆಯಲ್ಲೋ ಅವರ ಕಂಪ್ಯೂಟರಿನಲ್ಲೋ ಇಟ್ಟಿರಬಹುದು. ಖಾತೆ ಹೋದ ದಿನ ಇವೂ ಹೋಗುತ್ತವೆ, ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೊಸಬರು ತಂತ್ರಾಂಶದ ಜೊತೆ ಬಂದ ಮೂಲ ಪೋಸ್ಟನ್ನೇ ಬಳಸಿ ಪ್ರೋಗ್ರಾಂ ತೆಗೆಯುತ್ತಾರೆ, ಅದು ನೋಡಲು ಸರಿಯಾಗಿಯೇ ಇರುತ್ತದೆ. ವ್ಯತ್ಯಾಸ ತಿಳಿಯುವುದು ಯಂತ್ರದ ಮೇಲೆ, ಕಟ್ಟರ್ ಕ್ಲಾಂಪಿಗೆ ತಗುಲಿದಾಗ.

ಆದ್ದರಿಂದ .cps ಕಡತವನ್ನೂ ಟೂಲ್ ಲೈಬ್ರರಿಯನ್ನೂ ಹೊರತೆಗೆದು ಕಂಪನಿಯ ಫೋಲ್ಡರಿಗೆ ಹಾಕಬೇಕು. ಮುಖ್ಯವಾದ ಕೆಲಸಗಳನ್ನು f3d ರೂಪದಲ್ಲೂ, ಬೇರೆ ತಂತ್ರಾಂಶವೂ ಓದಬಲ್ಲ STEP ರೂಪದಲ್ಲೂ ಉಳಿಸಿಕೊಳ್ಳಬೇಕು. ಒಪ್ಪಿಸಿಕೊಡುವಿಕೆ ಪೂರ್ತಿಯಾಯಿತೇ ಎಂದು ತಿಳಿಯಲು ಒಂದೇ ನಂಬಬಹುದಾದ ಪರೀಕ್ಷೆಯಿದೆ. ಹಳೆಯದೊಂದು ಕೆಲಸವನ್ನು ಹೊಸಬರ ಲಾಗಿನ್‌ನಲ್ಲಿ, ಹೊಸಬರ ಕಂಪ್ಯೂಟರಿನಲ್ಲಿ ತೆರೆದು ಪ್ರೋಗ್ರಾಂ ತೆಗೆಯಿರಿ. ಆ ಕೆಲಸಕ್ಕೆ ಹಿಂದೆ ಯಂತ್ರದಲ್ಲಿ ಓಡಿದ ಪ್ರೋಗ್ರಾಂ ಜೊತೆ ಅದನ್ನು ಸಾಲುಸಾಲಾಗಿ ಹೋಲಿಸಿ. ದಿನಾಂಕದ ಸಾಲು ಬಿಟ್ಟು ಉಳಿದದ್ದೆಲ್ಲ ಒಂದೇ ಇದ್ದರೆ ಕೆಲಸ ಆಯಿತು. ಒಂದು ಸಾಲು ಬೇರೆಯಿದ್ದರೂ ಡಿಸೈನರ್ ಪಕ್ಕದಲ್ಲಿರುವಾಗಲೇ ಏಕೆ ಎಂದು ಕೇಳಬೇಕು. ಈ ಪರೀಕ್ಷೆಯನ್ನು ಮೂರನೆಯ ವಾರದಲ್ಲಿ ಮಾಡಿದರೆ ತಿದ್ದಲು ಒಂದು ವಾರ ಇರುತ್ತದೆ. ಆ ವಾರ ಡಿಸೈನರ್ ಕೀಬೋರ್ಡ್ ಮುಟ್ಟದೆ ಹಿಂದೆ ಕೂತು ಬಾಯಲ್ಲಿ ಮಾತ್ರ ಹೇಳಿದರೆ ಎಲ್ಲಿ ತೂತಿದೆ ಎಂದು ತಾನಾಗಿ ತಿಳಿಯುತ್ತದೆ.

ಗಡಿ ದಾಟುವ ಡೈ ಪ್ಲೇಟ್

ಹಣ ಕಟ್ಟದ ಖಾತೆಯಾದರೂ ಈ ಊರಿನಲ್ಲಿ ಲಾರಿಯನ್ನು ನಿಲ್ಲಿಸಬಲ್ಲದ್ದು ಇ-ವೇ ಬಿಲ್. ಹೊಸೂರಿನ ಘಟಕ ಒಂದು ಡೈ ಪ್ಲೇಟನ್ನು ಹಾರ್ಡನಿಂಗ್ ಮಾಡಿಸಲು ಬೊಮ್ಮಸಂದ್ರಕ್ಕೋ ಪೀಣ್ಯಕ್ಕೋ ಕಳಿಸುತ್ತದೆ. ಬೊಮ್ಮಸಂದ್ರ ಪಕ್ಕದಲ್ಲೇ ಇದ್ದರೂ ಜೂಜುವಾಡಿ ದಾಟಿದ ಕೂಡಲೇ ಅದು ಬೇರೆ ರಾಜ್ಯ. ಸಾಮಾನ್ಯವಾಗಿ ಅಂತರರಾಜ್ಯ ಸಾಗಣೆಗೆ ಐವತ್ತು ಸಾವಿರ ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಆದರೆ ಒಂದು ರಾಜ್ಯದವರು ಮತ್ತೊಂದು ರಾಜ್ಯಕ್ಕೆ ಜಾಬ್ ವರ್ಕಿಗೆ ಮಾಲು ಕಳಿಸುವಾಗ ಬೆಲೆ ಎಷ್ಟೇ ಇರಲಿ, ಬಿಲ್ ಬೇಕೇ ಬೇಕು. ಹಾಗಾಗಿ ಚೆನ್ನೈ ಸುತ್ತಲಿನ ಘಟಕಕ್ಕಿಂತ ಹೊಸೂರಿನ ಸಣ್ಣ ಘಟಕ ಈ ತಾಣವನ್ನು ಹೆಚ್ಚು ಸಲ ತೆರೆಯುತ್ತದೆ.

2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಆ ತಾಣದಲ್ಲಿ ಪಾಸ್‌ವರ್ಡ್ ಜೊತೆಗೆ ಓಟಿಪಿ ಕಡ್ಡಾಯವಾಗಿದೆ. ಓಟಿಪಿ ಹೋಗುವುದು ಆ ಬಳಕೆದಾರರ ಹೆಸರಿಗೆ ನೋಂದಾಯಿಸಿದ ಫೋನಿಗೆ. ಡಿಸೈನರ್ ಉಪಬಳಕೆದಾರರಾಗಿದ್ದರೆ ಅವರ ಫೋನಿಗೆ. ಇಲ್ಲಿ ಹಳೆಯ ಹೆಸರಿನ ಫೋನ್ ನಂಬರ್ ಬದಲಿಸಿ ಮುಂದುವರಿಸುವುದು ಸುಲಭವೆನಿಸಿದರೂ ಸರಿಯಲ್ಲ, ಯಾವ ಬಿಲ್ ಯಾರು ತೆಗೆದರು ಎಂಬ ದಾಖಲೆ ಕಲಸಿಹೋಗುತ್ತದೆ. ಕಂಪನಿಯ ಮುಖ್ಯ ಲಾಗಿನ್‌ನಲ್ಲಿ User Management ಎಂಬಲ್ಲಿ ಹೊಸಬರಿಗೆ ಬೇರೆ ಉಪಬಳಕೆದಾರ ಹೆಸರು ಮಾಡಿ, ಅವರ ಕೈಯಿಂದ ನಿಜವಾದ ಸಾಗಣೆಗೆ ಒಂದು ಬಿಲ್ ತೆಗೆಸಿ, ಆಮೇಲೆ Freeze Sub-User ಒತ್ತಿ ಹಳೆಯದನ್ನು ನಿಲ್ಲಿಸಬೇಕು. ತಪ್ಪಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಬಿಲ್ ರದ್ದು ಮಾಡಬಹುದು, ಆದ್ದರಿಂದ ಕಲಿಯುವಾಗ ಭಯಪಡಬೇಕಾಗಿಲ್ಲ.

ಕೆಲವು ಘಟಕಗಳಲ್ಲಿ ಜಿಎಸ್‌ಟಿ ತಾಣದಲ್ಲೇ ಉದ್ಯೋಗಿಯ ನಂಬರು ಇರುತ್ತದೆ, ನೋಂದಣಿ ಮಾಡಿದ ದಿನ ಯಾರು ಕಂಪ್ಯೂಟರ್ ಮುಂದೆ ಕೂತಿದ್ದರೋ ಅವರದು. ಅದನ್ನು ಅಧಿಕೃತ ಸಹಿದಾರರ ವಿವರದಲ್ಲಿ ತಿದ್ದುಪಡಿ ಅರ್ಜಿ ಹಾಕಿ ಬದಲಿಸಬಹುದು. ನಂಬರಿನವರು ಕೈಗೆ ಸಿಗದೆ ಹೋದರೆ ದಾಖಲೆಗಳನ್ನು ಹಿಡಿದು ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಬೇಕಾಗುತ್ತದೆ.

ಒಪ್ಪಿಸಿಕೊಡಲೇಬಾರದ ವಸ್ತುವೂ ಒಂದಿದೆ. ಉದ್ಯೋಗಿಯ ಹೆಸರಿನಲ್ಲಿ ಮಾಡಿಸಿದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಕಂಪನಿ ಹಣ ಕೊಟ್ಟಿದೆ, ಅದಕ್ಕೇ ಕಂಪನಿಯ ಡ್ರಾಯರಿನಲ್ಲಿ ಇರಲಿ ಎಂದು ಮಾಲೀಕರು ಕೇಳುತ್ತಾರೆ. ಹಣ ಯಾರದಾದರೂ ಸಹಿ ಆ ವ್ಯಕ್ತಿಯದು. ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳಬೇಕಾದ ಹೊಣೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಆ ವ್ಯಕ್ತಿಯ ಮೇಲೆಯೇ ಹೊರಿಸಿದೆ. ಅದನ್ನು ನೀಡಿದ ಸಂಸ್ಥೆಗೆ ಬರೆದು ರದ್ದು ಮಾಡಿಸಿ, ರದ್ದಾದ ಪತ್ರವನ್ನು ಮಾಲೀಕರಿಗೆ ಕೊಡುವುದು ಸರಿಯಾದ ದಾರಿ.

ಕಾರ್ಡು ಬಿಡಿಸುವುದು

ಹಣದ ವಿಷಯದಲ್ಲಿ ನಮ್ಮ ದೇಶದ ನಿಯಮ ಉದ್ಯೋಗಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದೆ, ಅದರ ಮಿತಿಯನ್ನೂ ತಿಳಿದಿರಬೇಕು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ಪದೇಪದೇ ಹಣ ಕಡಿತ ಮಾಡಲು ಇ-ಮ್ಯಾಂಡೇಟ್ ಎಂಬ ಅನುಮತಿ ಬೇಕು. ಕಡಿತಕ್ಕೆ ಕನಿಷ್ಠ ಇಪ್ಪತ್ನಾಲ್ಕು ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಬೇಕು, ಬೇಡವೆಂದರೆ ತಡೆಯುವ ದಾರಿಯನ್ನೂ ಕೊಡಬೇಕು. ಹದಿನೈದು ಸಾವಿರ ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಓಟಿಪಿ ಬೇಕಿಲ್ಲ, ಅದಕ್ಕಿಂತ ಹೆಚ್ಚಿಗೆ ಬೇಕು. ಈ ಗಡಿ 2022ರ ಜೂನ್‌ನಲ್ಲಿ ಐದು ಸಾವಿರದಿಂದ ಹದಿನೈದು ಸಾವಿರಕ್ಕೆ ಏರಿತು.

ಈ ಹದಿನೈದು ಸಾವಿರದ ಗೆರೆಯಿಂದಲೇ ಕೆಲಸ ಬಿಟ್ಟ ಮೇಲಿನ ನಷ್ಟ ಯಾರಿಗೆ ಬೀಳುತ್ತದೆ ಎಂದು ನಿರ್ಧಾರವಾಗುತ್ತದೆ. ಗೆರೆಯ ಕೆಳಗಿನ ಸಣ್ಣ ಚಂದಾಗಳು ಸದ್ದಿಲ್ಲದೆ ಹೋದವರ ಕಾರ್ಡಿನಿಂದ ಕಡಿತವಾಗುತ್ತವೆ. ಸಂದೇಶ ಬಂದರೂ ನೂರು ಸಂದೇಶಗಳ ನಡುವೆ ಕಾಣುವುದಿಲ್ಲ, ಕಂಪನಿ ಬಳಸುತ್ತದೆ, ಹಳೆಯ ಉದ್ಯೋಗಿ ಕಟ್ಟುತ್ತಾರೆ. ಗೆರೆಯ ಮೇಲಿನ ದೊಡ್ಡ ಚಂದಾ ನವೀಕರಣದ ದಿನ ಓಟಿಪಿ ಕೇಳುತ್ತದೆ, ಹೋದವರು ಕೊಡುವುದಿಲ್ಲ, ಹಣ ಹೋಗುವುದಿಲ್ಲ, ಕೆಲಸ ನಿಂತು ಕಂಪನಿ ಪೇಚಿಗೆ ಬೀಳುತ್ತದೆ.

ಹಾಗಾದರೆ ಬ್ಯಾಂಕಿನ ಆ್ಯಪ್‌ಗೆ ಹೋಗಿ ಇ-ಮ್ಯಾಂಡೇಟ್ ರದ್ದು ಮಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಯುಪಿಐ ಆಟೋಪೇಯನ್ನೂ ಹಾಗೆಯೇ ಆ್ಯಪಿನಲ್ಲೇ ನಿಲ್ಲಿಸಬಹುದು. ಆದರೆ ಅದರಿಂದ ನಿಲ್ಲುವುದು ಹಣ ಮಾತ್ರ. ಚಂದಾದ ಕರಾರು ಮಾರಾಟಗಾರರ ಕಡೆ ಹಾಗೆಯೇ ಇರುತ್ತದೆ, ಬಾಕಿ ಬೆಳೆಯುತ್ತದೆ, ಖಾತೆ ಅಮಾನತಾಗುತ್ತದೆ. ಮೊದಲು ಮಾರಾಟಗಾರರ ತಾಣದಲ್ಲಿ ಕಂಪನಿಯ ಕಾರ್ಡನ್ನು ಸೇರಿಸಿ, ಅದನ್ನೇ ಮುಖ್ಯ ಮಾಡಿ, ಸಾಧ್ಯವಾದರೆ ಆ ಕಾರ್ಡಿನಿಂದ ಒಂದು ಕಡಿತ ಆಗುವುದನ್ನು ನೋಡಿ, ಆಮೇಲೆ ಹಳೆಯ ಕಾರ್ಡು ತೆಗೆದು, ಕೊನೆಗೆ ಬ್ಯಾಂಕಿನಲ್ಲಿ ಮ್ಯಾಂಡೇಟ್ ಹಿಂಪಡೆಯಬೇಕು. ಅದೇ ಹೊತ್ತಿನಲ್ಲಿ ಬಿಲ್ಲಿನ ಹೆಸರನ್ನೂ ಕಂಪನಿಗೆ ಬದಲಿಸಿ ಜಿಎಸ್‌ಟಿ ನಂಬರು ತುಂಬಬೇಕು. ಉದ್ಯೋಗಿಯ ಹೆಸರಿನ ಬಿಲ್ಲಿಗೆ ಕಂಪನಿ ತೆರಿಗೆ ಜಮಾ ಪಡೆಯಲಾಗದು.

ಸುಮ್ಮನೆ ರದ್ದು ಮಾಡುವುದು ಯಾವಾಗ ನಷ್ಟ ಎಂಬುದಕ್ಕೆ ಕ್ಯಾಟಲಾಗಿಗೆ ತೆಗೆದುಕೊಂಡ ಅಡೋಬಿ ಚಂದಾ ಒಳ್ಳೆಯ ನಿದರ್ಶನ. ‘ವಾರ್ಷಿಕ, ಪ್ರತಿ ತಿಂಗಳು ಪಾವತಿ’ ಎಂಬ ಯೋಜನೆ ನೋಡಲು ತಿಂಗಳದ್ದು, ಕರಾರು ವರ್ಷದ್ದು. ಮೊದಲ ಹದಿನಾಲ್ಕು ದಿನ ಕಳೆದ ಮೇಲೆ ಬಿಟ್ಟರೆ ಉಳಿದ ತಿಂಗಳುಗಳ ಅರ್ಧ ಹಣವನ್ನು ಶುಲ್ಕವಾಗಿ ಕಟ್ಟಬೇಕು. ಲೆಕ್ಕಕ್ಕೆ ತಿಂಗಳಿಗೆ ಎರಡು ಸಾವಿರ ಎಂದಿಟ್ಟುಕೊಳ್ಳಿ. ಐದು ತಿಂಗಳಾದ ಮೇಲೆ ರದ್ದು ಮಾಡಿದರೆ ಉಳಿದ ಏಳು ತಿಂಗಳ ಹದಿನಾಲ್ಕು ಸಾವಿರದಲ್ಲಿ ಏಳು ಸಾವಿರ ಕೊಟ್ಟು ಏನೂ ಸಿಗದೆ ಹೊರಬರಬೇಕು. ಆ ಖಾತೆಯ ಮೇಲ್ ವಿಳಾಸ ಮತ್ತು ಕಾರ್ಡನ್ನು ಕಂಪನಿಗೆ ಬದಲಿಸಿ, ವರ್ಷ ತುಂಬುವ ತಾರೀಖನ್ನು ಹಾಳೆಯಲ್ಲಿ ಬರೆದಿಟ್ಟರೆ ಏಳು ತಿಂಗಳ ಬಳಕೆಯಾದರೂ ಉಳಿಯುತ್ತದೆ. ಈ ಶುಲ್ಕವನ್ನು ಸರಿಯಾಗಿ ಕಾಣುವಂತೆ ತಿಳಿಸಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಪ್ಪಿಸಿದ ಪ್ರಕರಣದಲ್ಲಿ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಆ ಸಂಸ್ಥೆಯ ಮೇಲೆ ದಾವೆ ಹೂಡಿತು. ನಮ್ಮಲ್ಲೂ 2023ರ ನವೆಂಬರ್‌ನಲ್ಲಿ ಹೊರಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ, ಚಂದಾದಿಂದ ಹೊರಬರುವುದನ್ನು ಕಷ್ಟ ಮಾಡುವುದನ್ನು ತಪ್ಪೆಂದು ಹೆಸರಿಸಿದೆ. ಆದರೆ ಅದು ಗ್ರಾಹಕರ ರಕ್ಷಣೆಯ ನಿಯಮ. ವ್ಯಾಪಾರಕ್ಕೆಂದು ಕೊಂಡ ಕಂಪನಿಯನ್ನು ಗ್ರಾಹಕ ರಕ್ಷಣಾ ಕಾಯ್ದೆ ಸಾಮಾನ್ಯವಾಗಿ ಗ್ರಾಹಕ ಎಂದು ಎಣಿಸುವುದಿಲ್ಲವಾದ್ದರಿಂದ ಅದನ್ನು ನೆಚ್ಚಿ ಕೂರಬಾರದು.

ಹೀಗೆ ನಡೆದರೆ ಕೊನೆಯ ದಿನಕ್ಕೆ ಉಳಿಯುವುದು ಚಿಕ್ಕ ಕೆಲಸ. ಎಲ್ಲ ಕಡೆ ಲಾಗೌಟ್ ಆಗುವುದು, ಹಾಳೆಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳುವುದು, ಕೈಯಿಂದ ಕಟ್ಟಿ ಇನ್ನೂ ಬಾರದ ಹಣದ ಬಿಲ್ಲುಗಳನ್ನು ಅಕೌಂಟ್ಸಿಗೆ ಕೊಡುವುದು. ಆಮೇಲೆ ಮಾಲೀಕರು ಫೋನ್ ಮಾಡಿ, ‘ಒಂದು ಸಲ ಲಾಗಿನ್ ಆಗಿ ನೋಡಪ್ಪಾ’ ಎಂದು ಕೇಳುವುದುಂಟು. ಪ್ರೀತಿಯಿಂದ ಕೇಳಿದರೂ ಅದನ್ನು ಮೆಸೇಜಿನಲ್ಲಿ ಬರೆಸಿಕೊಂಡೇ ಮಾಡಬೇಕು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂನಲ್ಲಿ ಬರುತ್ತದೆ. ದುರುದ್ದೇಶದಿಂದ ಮಾಡಿದ್ದೆಂದಾದರೆ 66ನೇ ಕಲಂನಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ನಾಳೆ ಸಂಬಂಧ ಕೆಟ್ಟರೆ ಆ ಒಂದು ಸಾಲಿನ ಮೆಸೇಜೇ ಸಾಕ್ಷಿ. ಬಾಕಿ ಹಣ ಕೊಡುವವರೆಗೆ ಓಟಿಪಿ ಕೊಡುವುದಿಲ್ಲ ಎಂದು ಉದ್ಯೋಗಿ ಕೂರುವುದೂ, ಓಟಿಪಿ ಕೊಡುವವರೆಗೆ ಸಂಬಳ ತಡೆಯುತ್ತೇನೆ ಎಂದು ಮಾಲೀಕರು ಹೇಳುವುದೂ ಎರಡೂ ತಪ್ಪೇ. ನೋಟಿಸಿನ ಮೊದಲ ವಾರವೇ ಹಾಳೆ ಬರೆದಿದ್ದರೆ ಎರಡಕ್ಕೂ ಜಾಗ ಸಿಗುವುದಿಲ್ಲ.

ಹೊಸ ಕೆಲಸಕ್ಕೆ ಸೇರಿದ ಮೇಲೆ ಮುಂದಿನ ಎರಡು ತಿಂಗಳು ಕಾರ್ಡಿನ ಲೆಕ್ಕಪತ್ರವನ್ನು ಸಾಲುಸಾಲಾಗಿ ನೋಡಿ. ಹಾಳೆಯಲ್ಲಿರುವ ನವೀಕರಣದ ತಾರೀಖುಗಳಿಗೆ ವಾರ ಮೊದಲು ಫೋನಿನಲ್ಲಿ ನೆನಪು ಹಾಕಿಕೊಳ್ಳಿ. ಮ್ಯಾಂಡೇಟ್ ಹಿಂಪಡೆದ ಮೇಲೂ ಹಣ ಕಡಿತವಾದರೆ ಹಿಂಪಡೆದ ದಿನದ ಸಂದೇಶವನ್ನು ಲಗತ್ತಿಸಿ ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.